‘ನಾನು’ ತೆಗೆದಾಗ ‘ಅಂತ’ ಕೂಡ ಹೋಯಿತು

“ಸರ್, ಬಿದರಿ ಕಲೆ ಬಗ್ಗೆ ನಾನು ಕ್ಯಾಮೆರಾ ಮುಂದೆ ನಿಂತು ಹೇಳಿದ ಸ್ಕ್ರಿಪ್ಟ್ ಅನ್ನು ಈಗ ಹಿನ್ನೆಲೆ ಧ್ವನಿಗಾಗಿ ನಿರೂಪಣೆಗೆ ಬದಲಾಯಿಸಿದ್ದೇನೆ. ‘ನಾನು’ ಎಲ್ಲಾ ತೆಗೆದಿದ್ದೇನೆ, ಮಾಹಿತಿ ಮುಟ್ಟಿಲ್ಲ. ಆದರೂ ಓದಿದರೆ ಯಾಕೋ ಸತ್ತ ಹಾಗಿದೆ. ಎಲ್ಲಿ ತಪ್ಪಿದ್ದೇನೆ ಹೇಳಿ. – ಬೀದರ್”

ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಮಾಹಿತಿ ಮುಟ್ಟಿಲ್ಲ ಅಂದಿದ್ದೀರಿ, ಆದರೆ ಮುಟ್ಟಿದ್ದೀರಿ. ಮೊದಲು ಅದನ್ನೇ ಹೇಳುತ್ತೇನೆ, ಯಾಕಂದರೆ ಓದಿನ ಸೊಗಸಿಗಿಂತ ಅದು ದೊಡ್ಡದು.

ನಿಮ್ಮ ಹಳೆಯ ಪ್ರತಿಯಲ್ಲಿ ಹೀಗಿತ್ತು: “ಈ ಮಣ್ಣು ಕೋಟೆದು. ಬಿಸಿಲು ಮಳಿ ಬೀಳದ ಜಾಗಾದಾಗ ಸಿಗ್ತದಂತ. ನಾಲಿಗಿ ಮ್ಯಾಲೆ ಇಟ್ಟು ನೋಡಿ ಆರಿಸ್ತಾರಂತ. ನಾನೂ ರುಚಿ ನೋಡಿದೆ, ಉಪ್ಪುಪ್ಪು ಇತ್ತು. ಈ ಮಣ್ಣಿನಿಂದನೇ ಕಪ್ಪು ಬರ್ತದ ಅನಿಸ್ತದ ನನಗ.”

ಹೊಸದರಲ್ಲಿ: “ಈ ಮಣ್ಣು ಕೋಟೆಯದು. ಬಿಸಿಲು ಮಳೆ ಬೀಳದ ಜಾಗದಲ್ಲಿ ಸಿಗುತ್ತದೆ. ಅವರು ನಾಲಿಗೆಯ ಮೇಲಿಟ್ಟು ಆರಿಸುತ್ತಾರೆ. ಅವರು ರುಚಿ ನೋಡಿದಾಗ ಉಪ್ಪಾಗಿತ್ತು. ಈ ಮಣ್ಣಿನಿಂದಲೇ ಕಪ್ಪು ಬಣ್ಣ ಬರುತ್ತದೆ.”

‘ಸಿಗ್ತದಂತ’ದ ಬಾಲದಲ್ಲಿದ್ದ ‘ಅಂತ’ ಎಲ್ಲಿ ಹೋಯಿತು? ನಮ್ಮ ಮಾತಿನಲ್ಲಿ ಆ ಎರಡಕ್ಷರ ಇದ್ದರೆ ‘ನಾ ಕಂಡಿಲ್ಲ, ಕೇಳಿದೀನಿ’ ಎಂದರ್ಥ. ಆಡುಮಾತು ಅಂತ ಅದನ್ನು ಕತ್ತರಿಸಿದ ಕೂಡಲೇ ಕೇಳಿದ ಮಾತು ನೀವು ಕಂಡ ಸಂಗತಿಯಾಗಿ ನಿಂತಿತು. ನಿರೂಪಣೆಯಲ್ಲಿ ಅಲ್ಲಿ ಹೇಳಿದವರು ಬರಬೇಕು: “ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡಿ ಆರಿಸುತ್ತೇವೆ ಎನ್ನುತ್ತಾರೆ ಬಿದರಿ ಕೆಲಸಗಾರರು.”

ಇನ್ನು ಆ ‘ಅವರು’. ಮೊದಲ ‘ಅವರು’ ಕೆಲಸಗಾರರು, ಎರಡನೆಯವರು ನೀವು. ‘ನೋಡಿದೆ’, ‘ಆರಿಸ್ತಾರ’ ಅಂದಾಗ ಕ್ರಿಯಾಪದದ ತುದಿಯೇ ಇಬ್ಬರನ್ನೂ ಬೇರೆ ಮಾಡುತ್ತಿತ್ತು. ಈಗ ಎಲ್ಲರಿಗೂ ಒಂದೇ ‘ರು’. ಇಂಥ ಕಡೆ ನಿಮ್ಮನ್ನು ‘ನಿರೂಪಕರು’ ಮಾಡಿ ಒಳಗೆ ಉಳಿಸಬೇಡಿ, ಹೊರಗೆ ಬನ್ನಿ. ನಿಮ್ಮ ಒಂದು ಸಲದ ರುಚಿಯನ್ನು ‘ಈ ಮಣ್ಣು ಉಪ್ಪಾಗಿರುತ್ತದೆ’ ಎಂದು ಹಿಗ್ಗಿಸಲೂ ಬರುವುದಿಲ್ಲ. ಆ ಸಾಲು ಬಿಡಿ.

ಕೊನೆಯ ವಾಕ್ಯ ಎಲ್ಲಕ್ಕಿಂತ ಕೆಟ್ಟದ್ದು. ‘ಅನಿಸ್ತದ’ ಹೋಗಿ ನಿಮ್ಮ ಊಹೆ ಸತ್ಯವಾಗಿದೆ, ಮೇಲೆ ‘ಇಂದಲೇ’ ಎಂಬ ಒತ್ತು ಬೇರೆ. ನಿಮ್ಮದೇ ಮೂರನೇ ಪುಟದಲ್ಲಿ ನೀವು ಸಂದರ್ಶಿಸಿದ ಹಿರಿಯ ಕೆಲಸಗಾರರು ಮಣ್ಣಿಗೆ ನವಸಾಗರ ಬೆರೆಸುತ್ತೇವೆ ಎಂದಿದ್ದಾರೆ. ಬರೇ ಮಣ್ಣಿನ ಕೆಲಸವಲ್ಲ ಅದು.

ಈಗ ಓಟದ ವಿಚಾರ. ಕ್ಯಾಮೆರಾ ಮುಂದೆ ನಿಮ್ಮ ಕೈ ಅರ್ಧ ಮಾತಾಡುತ್ತಿತ್ತು. “ನೋಡ್ರಿ, ಇದು ಕಪ್ಪಾತು. ಇದು ಹೋಗ್ತದ, ಆಮ್ಯಾಲ ಅದು ಬರ್ತದ” ಎಂದಾಗ ನೋಡುವವರಿಗೆ ತಿಳಿಯಿತು. ಹೊಸ ಪ್ರತಿಯಲ್ಲಿ “ಹೂಜಿ ಕಪ್ಪಾಗುತ್ತದೆ. ನಂತರ ಅದು ಹೋಗುತ್ತದೆ. ನಂತರ ಕಪ್ಪಾಗುತ್ತದೆ” ಎಂದಿದೆ. ಬಿದರಿಯಲ್ಲಿ ಕಪ್ಪು ಎರಡು, ಎರಡರ ಕೆಲಸವೂ ಬೇರೆ. ‘ಇದು’, ‘ಅದು’ ತೋರಿಸುತ್ತಿದ್ದ ಬೆರಳು ಇಲ್ಲವಾದ ಮೇಲೆ ಆ ಜಾಗದಲ್ಲಿ ಕಾರಣ ಬರಬೇಕು. ‘ನಂತರ’ ಎಂಬುದು ಕಾರಣ ಹೇಳುವುದಿಲ್ಲ. ನಾನು ಹೀಗೆ ಬರೆದು ನೋಡಿದೆ:

“ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ. ಕೊರೆಯುವ ಗೆರೆ ಕಣ್ಣಿಗೆ ಕಾಣಲೆಂದು ಬಳಿದ ಈ ಕಪ್ಪು, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂಡಿಸಿ ಮತ್ತೆ ಉಜ್ಜುವಾಗ ಹೊರಟುಹೋಗುತ್ತದೆ. ಆಗ ಹೂಜಿಯ ಮೈಗೂ ಬೆಳ್ಳಿಗೂ ಬಣ್ಣದಲ್ಲಿ ಹೆಚ್ಚು ಅಂತರ ಕಾಣುವುದಿಲ್ಲ. ಉಳಿಯುವ ಕಪ್ಪು ಬರುವುದು ಕೊನೆಗೆ. ಹೂಜಿಯನ್ನು ಬಿಸಿ ಮಾಡಿ, ಕೋಟೆಯ ಮಣ್ಣು, ನವಸಾಗರ, ನೀರು ಕಲಸಿ ಹಚ್ಚಿದರೆ ಸತುವಿನ ಮೈ ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.”

ಇದರಲ್ಲಿ ನಿಮ್ಮ ಟಿಪ್ಪಣಿಯಲ್ಲಿ ಇಲ್ಲದ ಮಾಹಿತಿ ಒಂದೂ ಇಲ್ಲ. ‘ಬರ್ರಿ, ಕರ್ರಗ ಹ್ಯಾಂಗಾಗ್ತದ ನೋಡೂಣು’ ಎಂದು ನೀವು ಕೇಳುಗನನ್ನು ಕರೆದೊಯ್ಯುತ್ತಿದ್ದ ಕೆಲಸವನ್ನು ‘ಉಳಿಯುವ ಕಪ್ಪು ಬರುವುದು ಕೊನೆಗೆ’ ಎಂಬ ಸಾಲು ಮಾಡುತ್ತದೆ. ಇನ್ನೊಂದು, ‘ಸವರಲ್ಪಡುತ್ತದೆ’, ‘ಉಜ್ಜಲ್ಪಡುತ್ತದೆ’ ಎಂದು ಹನ್ನೊಂದು ಕಡೆ ಬರೆದಿದ್ದೀರಿ. ‘ಸವರುತ್ತಾರೆ’ ಸಾಕು. ಯಾರು ಎಂದು ಹೇಳದಿದ್ದರೂ ಕನ್ನಡದಲ್ಲಿ ನಡೆಯುತ್ತದೆ.

ಹಿರಿಯರ ಸಂದರ್ಶನದ “ನಮ್ಮಪ್ಪ ಕಲಿಸಿದ್ದು” ಎಂಬುದನ್ನು ಮಾತ್ರ ‘ಅವರ ತಂದೆ ಕಲಿಸಿದ್ದು’ ಮಾಡಬೇಡಿ. ಅದು ಅವರ ದನಿ, ಅವರ ಬಾಯಿಂದಲೇ ಕೇಳಲಿ.

ಹಳೆಯ ಪ್ರತಿಯನ್ನು ಮತ್ತೆ ತೆಗೆಯಿರಿ. ‘ಅಂತ’, ‘ಅನಿಸ್ತದ’ ಇದ್ದಲ್ಲೆಲ್ಲ ಕೆಂಪು ಗೆರೆ, ‘ಇದು’, ‘ಇಲ್ಲಿ’, ‘ಈಗ’ ಇದ್ದಲ್ಲೆಲ್ಲ ನೀಲಿ ಗೆರೆ ಹಾಕಿ. ಒಂದೊಂದು ಕೆಂಪಿಗೂ ಹೊಸ ಪ್ರತಿಯಲ್ಲಿ ಹೇಳಿದವರ ಹೆಸರೋ ಕಸುಬೋ ಸಿಗಬೇಕು, ಒಂದೊಂದು ನೀಲಿಗೂ ವಸ್ತುವಿನ, ಜಾಗದ ಹೆಸರು ಸಿಗಬೇಕು. ಆಮೇಲೆ ಬಿದರಿ ಕಂಡೇ ಇಲ್ಲದ ಒಬ್ಬರಿಗೆ ಚಿತ್ರ ತೋರಿಸದೆ ಓದಿ ಹೇಳಿ, ಕಪ್ಪು ಎಷ್ಟು ಸಲ ಹಚ್ಚುತ್ತಾರೆ ಎಂದು ಕೇಳಿ. ಎರಡು ಎಂದರೆ ಎರಡನೇ ಪುಟ ಮುಗಿಯಿತು, ಮೂರನೆಯದನ್ನು ಜೊತೆಗೇ ಕಲಬುರಗಿಗೆ, ನನಗೆ ಕಳಿಸಿ.