ರೊಟ್ಟಿ ಚಂದಾ ನಿಲ್ಲುವುದು ಬ್ಯಾಂಕಿನ ಸಂದೇಶ ಬಂದ ದಿನ

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಬಡಾವಣೆಗಳಿಗೆ ದಿನಕ್ಕೆ ಐದು ಜೋಳದ ರೊಟ್ಟಿ ಮನೆಗೆ ತಲುಪಿಸುತ್ತೇವೆ. ತಿಂಗಳಿಗೆ 1,200 ರೂಪಾಯಿ, ಯುಪಿಐ ಆಟೋಪೇ ಮೂಲಕ. ರೊಟ್ಟಿಯ ಬಗ್ಗೆ ದೂರಿಲ್ಲ. ಆದರೂ ಎರಡನೆಯ ಸಲ ಹಣ ಕಡಿತವಾಗುವ ಹೊತ್ತಿಗೆ ಬಹಳ ಮಂದಿ ಬಿಟ್ಟುಬಿಡುತ್ತಾರೆ. ರದ್ದು ಮಾಡಲು ಫೋನ್ ಮಾಡಬೇಕು ಎಂದು ಇಟ್ಟಿದ್ದೇವೆ, ಆದರೆ ಯಾರೂ ಫೋನ್ ಕೂಡ ಮಾಡುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಚಂದಾ ಸೇವೆಗಳ ಗ್ರಾಹಕ ಸಂದೇಶಗಳನ್ನು ಬರೆಯುವುದೇ ನನ್ನ ಕೆಲಸ, ಇರುವುದೂ ಇದೇ ಊರಿನಲ್ಲಿ. ನಿಮ್ಮ ಪ್ರಶ್ನೆಯ ಕೊನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೂಲ ಸಮಸ್ಯೆ ಅಲ್ಲಿಯೇ ಇದೆ. ನಿಮ್ಮ ಗ್ರಾಹಕರಿಗೆ ಫೋನ್ ಮಾಡುವ ಅಗತ್ಯವೇ ಇಲ್ಲ. ತಮ್ಮ ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಅವರು ಮ್ಯಾಂಡೇಟನ್ನೇ, ಅಂದರೆ ಪ್ರತಿ ತಿಂಗಳು ಹಣ ಕಡಿತಕ್ಕೆ ಕೊಟ್ಟ ಅನುಮತಿಯನ್ನೇ, ರದ್ದು ಮಾಡಬಹುದು. ನಿಮ್ಮ ಪರವಾಗಿ ಹಣ ವಸೂಲಿ ಮಾಡುವ ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಪ್ರತಿ ಮ್ಯಾಂಡೇಟ್ ಯಾವಾಗ ರದ್ದಾಯಿತು ಎಂಬ ದಾಖಲೆ ಸಿಗುತ್ತದೆ. ಅದನ್ನು ಹಣ ಕಡಿತದ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಹೆಚ್ಚಿನವು ಕಡಿತದ ಹಿಂದಿನ ದಿನಕ್ಕೆ ಸೇರಿದ್ದರೆ ಕಾರಣ ರೊಟ್ಟಿಯಲ್ಲ, ಆ ದಿನ ಗ್ರಾಹಕರ ಮೊಬೈಲಿಗೆ ಬಂದ ಸಂದೇಶ.

ರಿಸರ್ವ್ ಬ್ಯಾಂಕಿನ ನಿಯಮದಂತೆ, ಮರುಕಳಿಸುವ ಪಾವತಿಯ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಈ ವ್ಯವಸ್ಥೆ 2021ರ ಅಕ್ಟೋಬರ್‌ನಿಂದ ಪೂರ್ಣವಾಗಿ ಜಾರಿಯಲ್ಲಿದೆ. ಆ ಸೂಚನೆ ಬ್ಯಾಂಕಿನಿಂದಲೋ ಯುಪಿಐ ಆ್ಯಪಿನಿಂದಲೋ ಬರುತ್ತದೆಯೇ ಹೊರತು ನಿಮ್ಮಿಂದ ಅಲ್ಲ. ಅದರಲ್ಲಿ ಕಾಣಿಸುವ ಹೆಸರು ಅನೇಕ ವೇಳೆ ರೊಟ್ಟಿಯ ಪೊಟ್ಟಣದ ಮೇಲಿರುವ ಹೆಸರಲ್ಲ, ಗೇಟ್‌ವೇಯಲ್ಲಿ ನೋಂದಾಯಿಸಿದ ಸಂಸ್ಥೆಯ ಹೆಸರು. ತಾನು ಕೇಳಿರದ ಯಾವುದೋ ಎಂಟರ್‌ಪ್ರೈಸಸ್ ನಾಳೆ 1,200 ರೂಪಾಯಿ ತೆಗೆದುಕೊಳ್ಳಲಿದೆ ಎಂದು ಓದಿದವರು, ಅದರಲ್ಲೂ ಮಕ್ಕಳು ಬೆಂಗಳೂರಿನಲ್ಲಿದ್ದು ಇಲ್ಲಿ ಇಬ್ಬರೇ ಇರುವ ಹಿರಿಯರು, ಇದು ಮೋಸವೇ ಇರಬೇಕೆಂದು ರದ್ದು ಮಾಡುವುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಬ್ರ್ಯಾಂಡಿನ ಅತ್ಯಂತ ನಿರ್ಣಾಯಕ ಸಂದೇಶವನ್ನು ಬೇರೆಯವರು ಬರೆಯುತ್ತಿದ್ದಾರೆ. ಮೊದಲು ಗೇಟ್‌ವೇಯವರಿಗೆ ಹೇಳಿ, ಅಲ್ಲಿ ಕಾಣುವ ಹೆಸರನ್ನು ಪೊಟ್ಟಣದ ಹೆಸರಿಗೆ ಹೊಂದಿಸಿಕೊಳ್ಳಿ. ಅದು ಸಾಧ್ಯವಾಗದಿದ್ದರೆ ಆ ಅಪರಿಚಿತ ಹೆಸರನ್ನು ಗ್ರಾಹಕರಿಗೆ ಮೊದಲೇ ಪರಿಚಯಿಸಬೇಕು.

ಅದನ್ನು ಮಾಡಬೇಕಾದದ್ದು ಚಂದಾದಾರರಾದ ಕೂಡಲೇ ಹೋಗುವ ಮೊದಲ ಸಂದೇಶದಲ್ಲಿ. ನಾನು ನೋಡಿದ ಹೆಚ್ಚಿನ ಸಂದೇಶಗಳು ಸ್ವಾಗತ, ಧನ್ಯವಾದ, ನಮ್ಮ ಕುಟುಂಬಕ್ಕೆ ಸೇರಿದ್ದಕ್ಕೆ ಸಂತೋಷ ಎನ್ನುವುದರಲ್ಲೇ ಮುಗಿಯುತ್ತವೆ. ಗ್ರಾಹಕರಿಗೆ ಆಗ ಬೇಕಿರುವುದು ಬೇರೆ, ಹೀಗೆ: "ನಾಳೆಯಿಂದ ಬೆಳಿಗ್ಗೆ 8ರೊಳಗೆ 5 ರೊಟ್ಟಿ. ಪ್ರತಿ ತಿಂಗಳು 5ರಂದು ರೂ. 1,200 ಕಡಿತ. ಬ್ಯಾಂಕ್ ಸಂದೇಶದಲ್ಲಿ ನಮ್ಮ ಹೆಸರು ಹೀಗಿರುತ್ತದೆ. ಊರಿಗೆ ಹೋದರೆ ವಿರಾಮಕ್ಕೂ, ಬೇಡವಾದರೆ ರದ್ದತಿಗೂ ಈ ಲಿಂಕ್." ಇಲ್ಲಿ ಖರ್ಚಿನ ಒಂದು ಮಾತಿದೆ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರಗಳ ಮಿತಿಯಿದ್ದರೆ ಕನ್ನಡಕ್ಕೆ 70 ಮಾತ್ರ, ಅದೂ ಒತ್ತು, ಗುಣಿತಗಳೆಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ; "ರೊಟ್ಟಿ" ಎಂಬುದೇ ಆರು. ಹೀಗಾಗಿ ಒಂದು ಸಂದೇಶಕ್ಕೆ ಎರಡು ಮೂರರ ದರ ಬೀಳಬಹುದು. ಆದರೂ ಇದೊಂದನ್ನು ಕನ್ನಡದಲ್ಲೇ ಕಳುಹಿಸಿ, ಉಳಿತಾಯ ಮಾಡಬೇಕಿದ್ದರೆ ಸ್ವಾಗತದ ಮಾತುಗಳಲ್ಲಿ ಮಾಡಿ. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಎಸ್ಸೆಮ್ಮೆಸ್ಸಿನ ಒಕ್ಕಣೆಯನ್ನು ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ದಾಖಲಿಸಬೇಕಾಗುತ್ತದೆ, ಬದಲಿಸಿದಾಗಲೆಲ್ಲ ಮತ್ತೆ ಅನುಮೋದನೆ ಬೇಕು. ಆದ್ದರಿಂದ ಸಮಯ ತೆಗೆದುಕೊಂಡು ಬರೆಯಿರಿ.

ತಿಂಗಳ ನಡುವೆ ಹೆಚ್ಚೇನೂ ಕಳುಹಿಸಬೇಡಿ. ಶೇಂಗಾ ಹಿಂಡಿಗೆ ರಿಯಾಯಿತಿ, ಹಬ್ಬದ ಶುಭಾಶಯ ಎಂದು ವಾಟ್ಸ್ಯಾಪಿನಲ್ಲಿ ದಿನವೂ ಹೋಗುತ್ತಿದ್ದರೆ ಜನ ಆ ಸಂಖ್ಯೆಯನ್ನು ಮ್ಯೂಟ್ ಮಾಡುತ್ತಾರೆ. ಆಮೇಲೆ ಬೇಕಾದ ಸಂದೇಶವೂ ಅವರನ್ನು ಮುಟ್ಟುವುದಿಲ್ಲ.

ಈಗ ನಿಜವಾಗಿಯೂ ಬಿಡಬೇಕೆಂದು ಯೋಚಿಸುವವರ ವಿಷಯ. ಜೇವರ್ಗಿ ರಸ್ತೆಯ ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಮೇ ತಿಂಗಳ ಬಿಸಿಲಿಗೆ ಶಾಲೆಗೆ ರಜೆ, ಮನೆಯವರು ಹತ್ತು ದಿನ ಊರಿಗೆ ಹೊರಟಿದ್ದಾರೆ. ಬ್ಯಾಂಕಿನ ಸೂಚನೆ ಬಂದಾಗ ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: ತಿಂಗಳಿಗೆ 150 ರೊಟ್ಟಿ, ರೊಟ್ಟಿಗೆ 8 ರೂಪಾಯಿ, ಹತ್ತು ದಿನದ 50 ರೊಟ್ಟಿಗೆ 400 ರೂಪಾಯಿ ಸುಮ್ಮನೆ ಹೋಗುತ್ತದೆ. ವಿರಾಮದ ದಾರಿ ಕಾಣದಿದ್ದರೆ ಆ 400 ಉಳಿಸಲು ಇಡೀ ಚಂದಾವನ್ನೇ ನಿಲ್ಲಿಸುತ್ತಾರೆ, ಮರಳಿ ಬಂದ ಮೇಲೆ ಮತ್ತೆ ಸೇರುವ ಶ್ರಮ ತೆಗೆದುಕೊಳ್ಳುವುದಿಲ್ಲ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರೂ, ರಜೆಗೆ ಊರಿಗೆ ತೆರಳುವ ಹಾಸ್ಟೆಲ್ ವಿದ್ಯಾರ್ಥಿಗಳೂ ಹೀಗೆಯೇ ಯೋಚಿಸುತ್ತಾರೆ.

ವಿರಾಮವನ್ನು ಕೊಡಬೇಕೆಂದರೆ ಮ್ಯಾಂಡೇಟ್ ಅದಕ್ಕೆ ತಕ್ಕಂತೆ ಇರಬೇಕು. ಯುಪಿಐ ಮ್ಯಾಂಡೇಟಿನಲ್ಲಿ ಮೊತ್ತವನ್ನು ನಿಖರ ಎಂದೂ ಇಡಬಹುದು, ಗರಿಷ್ಠ ಎಂದೂ ಇಡಬಹುದು. ನಿಖರ ಎಂದಿಟ್ಟಿದ್ದರೆ 1,200ಕ್ಕಿಂತ ಕಡಿಮೆ ಕಡಿತ ಮಾಡಲಾಗದು. ಗರಿಷ್ಠ ಎಂದಿಟ್ಟಿದ್ದರೆ ಹತ್ತು ದಿನ ಕಳೆದು 800 ಮಾತ್ರ ತೆಗೆದುಕೊಳ್ಳಬಹುದು. ಆದರೆ ಮುಂದೆ ದರ ಏರಿಸಲು ಅನುಕೂಲವಾಗಲಿ ಎಂದು ಗರಿಷ್ಠವನ್ನು 5,000ಕ್ಕೆ ಇಡಬೇಡಿ. ನೋಂದಣಿಯ ಹೊತ್ತಿನಲ್ಲಿ ಪರದೆಯ ಮೇಲೆ ಆ ಅಂಕಿಯೇ ಕಾಣುತ್ತದೆ, ಅಲ್ಲಿಯೇ ಅನುಮಾನ ಹುಟ್ಟುತ್ತದೆ.

ಇಷ್ಟಾದ ಮೇಲೆ, ಬ್ಯಾಂಕಿನ ಸೂಚನೆಗೆ ಎರಡು ಮೂರು ದಿನ ಮೊದಲು ನಿಮ್ಮದೇ ಸಂದೇಶ ಹೋಗಲಿ: "ಕಳೆದ ತಿಂಗಳು 27 ದಿನ, 135 ರೊಟ್ಟಿ ತಲುಪಿಸಿದ್ದೇವೆ. 3 ದಿನ ವಿರಾಮದ ರೂ. 120 ಕಳೆದು 5ರಂದು ರೂ. 1,080 ಕಡಿತ. ವಿರಾಮ ಅಥವಾ ರದ್ದತಿಗೆ ಲಿಂಕ್." ಸೂಚನೆಯಲ್ಲಿ ಹೋದ ಮೊತ್ತಕ್ಕೂ ಕಡಿತದ ಮೊತ್ತಕ್ಕೂ ವ್ಯತ್ಯಾಸ ಇರಬಾರದಾದ್ದರಿಂದ, ವಿರಾಮದ ಲೆಕ್ಕವನ್ನು ಸೂಚನೆ ಹೊರಡುವ ಮೊದಲೇ ಮುಗಿಸಿಕೊಳ್ಳಿ, ತಡವಾಗಿ ಕೇಳಿದವರಿಗೆ ಮುಂದಿನ ತಿಂಗಳಲ್ಲಿ ಕಳೆಯಿರಿ.

ಲಿಂಕ್ ತೆರೆದವರಿಗೆ ವಿರಾಮ ಮತ್ತು ರದ್ದತಿ ಎರಡೂ ಸಮಾನವಾಗಿ ಕಾಣಬೇಕು. ಫೋನ್ ಮಾಡಿದರಷ್ಟೇ ರದ್ದು ಎಂಬ ಷರತ್ತನ್ನು ತೆಗೆದುಹಾಕಿ. ರದ್ದತಿಯನ್ನು ಅಡಗಿಸುವುದು ಅಥವಾ ತೊಡಕಾಗಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ಕುರಿತ, ಮಾರ್ಗಸೂಚಿ ಚಂದಾ ಬಲೆಯ ಅಡಿಯಲ್ಲಿ ನಿಷೇಧಿಸುತ್ತದೆ. "ಬೇಡ, ನನಗೆ ಬಿಸಿ ರೊಟ್ಟಿ ಇಷ್ಟವಿಲ್ಲ" ಎಂಬಂತಹ ನಾಚಿಕೆ ಹುಟ್ಟಿಸುವ ಬಟನ್‌ಗಳಿಗೂ ಅದೇ ಮಾರ್ಗಸೂಚಿಯಲ್ಲಿ ನಿಷೇಧವಿದೆ. ಕಾನೂನು ಒತ್ತಟ್ಟಿಗಿರಲಿ, ಮುಂಬಾಗಿಲು ಮುಚ್ಚಿದರೆ ಜನ ಯುಪಿಐ ಆ್ಯಪಿನ ಹಿತ್ತಿಲ ಬಾಗಿಲಿನಿಂದ ಹೋಗುತ್ತಾರೆ, ಏಕೆ ಹೋದರೆಂದು ನಿಮಗೆ ತಿಳಿಯುವುದೇ ಇಲ್ಲ. ರದ್ದತಿಯ ಪುಟದಲ್ಲಿ ಕಾರಣ ಕೇಳುವ ಒಂದೇ ಪ್ರಶ್ನೆ ಇಡಿ, ಉತ್ತರಿಸುವುದು ಕಡ್ಡಾಯವಾಗದಿರಲಿ.

ಎರಡು ಮೂರು ಕಡಿತಗಳಾದ ಮೇಲೆ ಒಟ್ಟು ರದ್ದತಿಯ ಸಂಖ್ಯೆಯೊಂದನ್ನೇ ನೋಡಬೇಡಿ. ಯುಪಿಐ ಆ್ಯಪಿನಿಂದ ಆಗುತ್ತಿದ್ದ ರದ್ದತಿಗಳು ಇಳಿದು ನಿಮ್ಮ ಪುಟದಲ್ಲಿ ವಿರಾಮಗಳು ಏರಿದ್ದರೆ ಸಂದೇಶಗಳು ಕೆಲಸ ಮಾಡುತ್ತಿವೆ. ಪುಟದಲ್ಲಿಯೂ ರದ್ದತಿಗಳೇ ಹೆಚ್ಚಿದ್ದು, ಬೆಳಿಗ್ಗೆ ತಡ ಎಂದೋ ರೊಟ್ಟಿ ದಪ್ಪ ಎಂದೋ ಕಾರಣ ಬರುತ್ತಿದ್ದರೆ, ಇಷ್ಟು ದಿನ ದೂರಿಲ್ಲ ಎಂದುಕೊಂಡಿದ್ದಿರಲ್ಲ, ಆ ದೂರುಗಳು ಅವೇ. ಅವಕ್ಕೆ ಪರಿಹಾರ ಅಡುಗೆಮನೆಯಲ್ಲೂ ಡೆಲಿವರಿ ಹುಡುಗರ ಸಮಯದಲ್ಲೂ ಇದೆ.