ಸ್ಟೈಪೆಂಡ್ ಏರದಿದ್ದರೆ ಗಂಟೆ ಇಳಿಸಿ

"ಇಂಟರ್ನ್‌ಶಿಪ್ ಆಫರ್ ಬಂದಿದೆ. ಸ್ಟೈಪೆಂಡ್ ಕಮ್ಮಿ, ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆ, ಎಲ್ಲಾ ಆಫೀಸಲ್ಲೇ. ಕೇಳಿದರೆ ಆಫರ್ ಹೋಗಿಬಿಡುತ್ತಾ?"

ಮರ್ಯಾದೆಯಿಂದ ಕೇಳಿದ್ದಕ್ಕೆ ಆಫರ್ ವಾಪಸ್ ತಗೊಳ್ಳೋದು ಅಪರೂಪ. ಆದರೆ ಸ್ಟೈಪೆಂಡ್, ಗಂಟೆ, ವರ್ಕ್ ಫ್ರಮ್ ಹೋಮ್ ಮೂರನ್ನೂ ಒಂದೇ ಉಸಿರಲ್ಲಿ ಕೇಳಬೇಡಿ. ಮೊದಲು ಸ್ಟೈಪೆಂಡ್ ಮಾತ್ರ ಕೇಳಿ. ಎಷ್ಟೋ ಕಡೆ ಅದು ಎಲ್ಲಾ ಇಂಟರ್ನ್‌ಗಳಿಗೂ ಒಂದೇ ಅಂತ ಮೊದಲೇ ನಿಗದಿ ಆಗಿರುತ್ತದೆ, ಎಚ್‌ಆರ್ ಮನಸ್ಸು ಮಾಡಿದರೂ ಬದಲಾಯಿಸೋದು ಕಷ್ಟ. ಗಂಟೆ, ವರ್ಕ್ ಫ್ರಮ್ ಹೋಮ್ ಹಾಗಲ್ಲ, ಅವು ಹೆಚ್ಚಾಗಿ ಮ್ಯಾನೇಜರ್ ಕೈಲಿರುತ್ತವೆ. ಅದೇ ದುಡ್ಡಿಗೆ 48 ಗಂಟೆ ಬದಲು 40 ಆದರೆ ಗಂಟೆಗೆ ಸಿಗೋದು 20% ಜಾಸ್ತಿ ಆಯ್ತಲ್ವಾ?

ಸ್ಟೈಪೆಂಡ್ ಆಗಲ್ಲ ಅಂದ ಮೇಲೆ ಹೀಗೆ ಬರೆಯಿರಿ: "ಪರವಾಗಿಲ್ಲ, ಸೇರಲು ಇಷ್ಟವಿದೆ. ವಾರಕ್ಕೆ 5 ದಿನ, ಅದರಲ್ಲಿ 2 ದಿನ ಮನೆಯಿಂದ ಕೆಲಸ ಮಾಡಬಹುದೇ? ಮೊದಲ ತಿಂಗಳು ಪೂರ್ತಿ ಆಫೀಸಿಗೇ ಬರುತ್ತೇನೆ."

ಆ ಕೊನೆಯ ಸಾಲನ್ನು ಬಿಡಬೇಡಿ. ಹೊಸಬರು ಮನೆಯಲ್ಲಿ ಕೂತರೆ ಕೆಲಸ ಕಲಿಸೋದು ಹೇಗೆ ಅನ್ನೋದೇ ಮ್ಯಾನೇಜರ್ ಚಿಂತೆ.

ನನಗೆ ಫೋನಲ್ಲಿ "ಶನಿವಾರ ಬೇಡ ಬಿಡಿ" ಅಂದಿದ್ದರು, ಲೆಟರಲ್ಲಿ ಇರಲಿಲ್ಲ, ಮ್ಯಾನೇಜರ್ ಬದಲಾದ ಮೇಲೆ ಒಂದು ಶನಿವಾರವೂ ತಪ್ಪದೆ ಹೋದೆ. ಒಪ್ಪಿದ್ದನ್ನು ಆಫರ್ ಲೆಟರಲ್ಲಿ ಹಾಕಿಸಿಕೊಂಡೇ ಸಹಿ ಮಾಡಿ.