ಪದಕ್ಕಿಷ್ಟು ಅನ್ನೋದಾ, ಇಡೀ ಕೆಲಸಕ್ಕಿಷ್ಟು ಅನ್ನೋದಾ?

ಪ್ರಶ್ನೆ: ನಾನು ಫ್ರೀಲಾನ್ಸ್ ಕಂಟೆಂಟ್ ರೈಟರ್. ಒಬ್ಬ ಕ್ಲೈಂಟ್‌ಗೆ ಬ್ಲಾಗ್ ಲೇಖನ ಬರೆದುಕೊಡುತ್ತೇನೆ, ಪದಕ್ಕಿಷ್ಟು ಅಂತ ದರ. ಈಗ ಅವರೇ "ನಮ್ಮ ವೆಬ್‌ಸೈಟ್‌ಗೆ ಐದು ಪುಟ ಬರೆದುಕೊಡಿ, ರೇಟ್ ಹಳೇದೇ ಇರಲಿ" ಅಂತಿದ್ದಾರೆ. ಪದ ಕಮ್ಮಿ, ಕೆಲಸ ಜಾಸ್ತಿ ಆಗುತ್ತೇನೋ ಅಂತ ಅನುಮಾನ. ಹಾಗಂತ ಪ್ರಾಜೆಕ್ಟ್‌ಗೆ ಇಷ್ಟು ಅಂತ ಒಂದೇ ಮೊತ್ತ ಹೇಳಿದರೆ ಮುಗಿಯದ ತಿದ್ದುಪಡಿಗೆ ಸಿಕ್ಕಿಕೊಳ್ಳುತ್ತೇನೆ ಅನ್ನೋ ಭಯ. ಏನು ಮಾಡಲಿ?

ಉತ್ತರ: ಈ ಐದು ಪುಟಕ್ಕೆ ಪ್ರಾಜೆಕ್ಟ್ ದರ ಹೇಳಿ. ಬ್ಲಾಗ್‌ಗೆ ಈಗಿರುವ ಪದದ ದರವನ್ನು ಮುಟ್ಟಬೇಡಿ. ಒಬ್ಬರೇ ಕ್ಲೈಂಟ್ ಹತ್ತಿರ ಎರಡು ಥರದ ದರ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಯಾಕೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು. ಸುಲಭವಾಗಲಿ ಅಂತ ಪದಕ್ಕೆ ಅರ್ಧ ರೂಪಾಯಿ, ಗಂಟೆಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳುತ್ತೇನೆ. ನಿಮ್ಮ ಅಂಕಿ ಬೇರೆ ಇರುತ್ತೆ, ಲೆಕ್ಕದ ದಾರಿ ಇದೇ.

ಒಂದು 1000 ಪದದ ಲೇಖನ ತೆಗೆದುಕೊಳ್ಳಿ. ಬ್ರೀಫ್ ಓದಲು 20 ನಿಮಿಷ, ಮಾಹಿತಿ ಹುಡುಕಲು ಒಂದೂವರೆ ಗಂಟೆ, ಬರೆಯಲು ಎರಡು ಗಂಟೆ, ತಿದ್ದಿ ನೋಡಲು 40 ನಿಮಿಷ, ಆಮೇಲೆ ಅವರು ಕೇಳಿದ ಸಣ್ಣಪುಟ್ಟ ಬದಲಾವಣೆಗೆ ಅರ್ಧ ಗಂಟೆ. ಒಟ್ಟು ಐದು ಗಂಟೆ. ಪದಕ್ಕೆ ಅರ್ಧದ ಲೆಕ್ಕದಲ್ಲಿ ಸಿಗೋದು 500, ಅಂದರೆ ಗಂಟೆಗೆ 100. ಲೇಖನ 1500 ಪದವಾದರೆ ಗಂಟೆಯೂ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಏರುತ್ತೆ. ಉದ್ದ ಬೆಳೆದ ಹಾಗೆ ಶ್ರಮವೂ ಬೆಳೆಯುವ ಕಡೆ ಪದದ ದರ ನ್ಯಾಯವಾಗಿಯೇ ಇರುತ್ತೆ. ಅದಕ್ಕೇ ನಿಮಗೆ ಇಷ್ಟು ದಿನ ತೊಂದರೆ ಕಾಣಲಿಲ್ಲ.

ವೆಬ್‌ಸೈಟ್ ಪುಟದಲ್ಲಿ ಇದು ತಿರುಗುಮುರುಗಾಗುತ್ತೆ. ಮುಖಪುಟದ ಮೊದಲ ಡ್ರಾಫ್ಟ್ 520 ಪದ ಬಂತು ಅನ್ನಿ. ಅದನ್ನು 300ಕ್ಕೆ ಇಳಿಸಬೇಕು, ಆದರೆ ಹೇಳಬೇಕಾದ್ದು ಒಂದೂ ಬಿಟ್ಟುಹೋಗಬಾರದು. ಈ ಕತ್ತರಿ ಕೆಲಸಕ್ಕೇ ಎರಡು ಗಂಟೆ ಹೋಗುತ್ತೆ. ಪದದ ದರದಲ್ಲಿ ಆ ಎರಡು ಗಂಟೆಗೆ ನಿಮಗೆ ಸಿಗೋದು ಸೊನ್ನೆಯೂ ಅಲ್ಲ, ಸೊನ್ನೆಗಿಂತ ಕೆಳಗೆ. ಕತ್ತರಿಸಿದ 220 ಪದದ ಜೊತೆ 110 ಕೈಬಿಟ್ಟುಹೋಯಿತು, ಅಲ್ವಾ? ಪುಟದ ಮೇಲಿನ ಎಂಟು ಪದದ ತಲೆಬರಹಕ್ಕೆ ಒಂದು ಬೆಳಗ್ಗೆ ಪೂರ್ತಿ ಕೂತಿದ್ದೀರಿ ಅನ್ನಿ. ಬಿಲ್‌ನಲ್ಲಿ ಅದು ನಾಲ್ಕು.

ಈಗ ಐದೂ ಪುಟ ಸೇರಿಸಿ ನೋಡೋಣ. ಮುಖಪುಟ 300 ಪದ, "ನಮ್ಮ ಬಗ್ಗೆ" 400, ಮೂರು ಸೇವೆಯ ಪುಟ ತಲಾ 350. ಒಟ್ಟು 1750 ಪದ. ಹಳೇ ರೇಟ್‌ನಲ್ಲಿ 875. ಗಂಟೆ ಎಷ್ಟು? ಮೊದಲ ಮಾತುಕತೆ, ಅದರ ನೋಟ್ಸ್ 2 ಗಂಟೆ. ಅವರ ಕಡೆಯ ಇಬ್ಬರನ್ನು ಕೂರಿಸಿ ಪ್ರಶ್ನೆ ಕೇಳಿ, ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳಲು 4. ಅವರ ಹಳೇ ಪುಟ, ಅವರ ಪೈಪೋಟಿಯವರ ಪುಟ ಓದಲು 3. ಯಾವ ಪುಟದಲ್ಲಿ ಯಾವ ಮಾತು ಎಲ್ಲಿ ಬರಬೇಕು ಅನ್ನುವ ಔಟ್‌ಲೈನ್‌ಗೆ 3. ಡ್ರಾಫ್ಟ್‌ಗೆ 8. ಮೊದಲ ಸುತ್ತು ತಿದ್ದುಪಡಿ 3, ಎರಡನೇ ಸುತ್ತು 2. ಇಮೇಲ್, ಫೋನ್, ಫೈಲ್ ಕಳಿಸೋದು ಇವೆಲ್ಲ ಸೇರಿ ಇನ್ನೆರಡು. ಒಟ್ಟು 27 ಗಂಟೆ. 875ನ್ನು 27ರಿಂದ ಭಾಗಿಸಿದರೆ ಗಂಟೆಗೆ 32. ನೀವು ಬ್ಲಾಗ್ ಬರೆದು ಗಳಿಸುವುದರ ಮೂರನೇ ಒಂದು ಪಾಲು.

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇಲ್ಲಿ ಕ್ಲೈಂಟ್ ಮೋಸ ಮಾಡುತ್ತಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಅವರಿಗೆ ಕಾಣೋದು ಪದ ಮಾತ್ರ. ಉಳಿದ ಗಂಟೆಗಳನ್ನು ತೋರಿಸುವ ಕೆಲಸ ನಿಮ್ಮದು.

ಪ್ರಾಜೆಕ್ಟ್ ದರ ಕಟ್ಟುವುದು ಈ 27 ಗಂಟೆಯಿಂದಲೇ. ಅಂದಾಜು ಯಾವಾಗಲೂ ಕಮ್ಮಿ ಬೀಳುತ್ತೆ, ಹಾಗಾಗಿ ಅದರ ಮೇಲೆ ಶೇ 20ರಷ್ಟು ಸೇರಿಸಿ. 32 ಗಂಟೆ ಆಯಿತು, ಮೊತ್ತ 3200. ಈ ಶೇ 20ನ್ನು ಲಾಭ ಅಂದುಕೊಳ್ಳಬೇಡಿ. ಒಬ್ಬರು ಮಾತುಕತೆಗೆ ಬಾರದೆ ಇನ್ನೊಂದು ದಿನ ಇಟ್ಟುಕೊಳ್ಳೋದು, ತಪ್ಪು ಫೈಲ್ ಬಂದು ಮತ್ತೆ ಓದೋದು, ಇಂಥವಕ್ಕೆ ಅದು ಕರಗಿಹೋಗುತ್ತೆ. ಗುರುತೇ ಇಲ್ಲದ ವಿಷಯವಾದರೆ ನಾನು ಶೇ 30 ಇಡುತ್ತೇನೆ.

ಗಂಟೆಯ ಲೆಕ್ಕ ನಿಮ್ಮ ಹತ್ತಿರ ಇಲ್ಲದಿದ್ದರೆ ಮುಂದಿನ ಕೆಲವು ಬ್ಲಾಗ್ ಲೇಖನ ಬರೆಯುವಾಗ ಟೈಮ್ ಬರೆದಿಟ್ಟುಕೊಳ್ಳಿ. ಬರೆಯುವ ಟೈಮ್ ಮಾತ್ರ ಅಲ್ಲ, ಇಮೇಲ್‌ಗೆ ಉತ್ತರ ಕೊಟ್ಟದ್ದೂ ಸೇರಲಿ. ಜಾಸ್ತಿ ಜನ ಎಡವೋದು ಅಲ್ಲೇ. ಟೈಪ್ ಮಾಡಿದ ಹೊತ್ತನ್ನಷ್ಟೇ ಎಣಿಸುತ್ತಾರೆ.

ಇನ್ನು ನಿಮ್ಮ ಭಯದ ವಿಷಯ. ಪ್ರಾಜೆಕ್ಟ್ ದರ ಕೈಕೊಡೋದು ಮೊತ್ತ ಕಮ್ಮಿಯಾಗಿ ಅಲ್ಲ, ಆ ಮೊತ್ತಕ್ಕೆ ಏನೇನು ಬರುತ್ತೆ ಅಂತ ಬರೆಯದೆ ಇರೋದರಿಂದ. "ವೆಬ್‌ಸೈಟ್ ಕಂಟೆಂಟ್, 3200" ಅಂತ ಒಂದೇ ಸಾಲು ಕಳಿಸಿದರೆ ಆಮೇಲೆ ಆರನೇ ಪುಟವೂ ಅದರಲ್ಲೇ ಸೇರಿಕೊಳ್ಳುತ್ತೆ. ನನ್ನ ಕೊಟೇಶನ್‌ನಲ್ಲಿ ಹೆಚ್ಚುಕಮ್ಮಿ ಹೀಗೆ ಇರುತ್ತೆ:

"ಐದು ಪುಟ: ಮುಖಪುಟ, ನಮ್ಮ ಬಗ್ಗೆ, ಮೂರು ಸೇವೆಯ ಪುಟಗಳು. ಎಲ್ಲ ಸೇರಿ 1500ರಿಂದ 2000 ಪದ. ನಿಮ್ಮ ಕಡೆಯ ಇಬ್ಬರ ಜೊತೆ ತಲಾ 45 ನಿಮಿಷದ ಮಾತುಕತೆ. ಔಟ್‌ಲೈನ್ ನೀವು ಒಪ್ಪಿದ ಮೇಲೆ ಡ್ರಾಫ್ಟ್ ಶುರು. ಡ್ರಾಫ್ಟ್ ಮೇಲೆ ಎರಡು ಸುತ್ತು ತಿದ್ದುಪಡಿ ಈ ಮೊತ್ತದಲ್ಲೇ ಸೇರಿದೆ. ಪ್ರತಿ ಸುತ್ತಿನ ಅಭಿಪ್ರಾಯ ಒಂದೇ ಫೈಲ್‌ನಲ್ಲಿ, ಒಬ್ಬರಿಂದಲೇ ಬರಬೇಕು. ಒಪ್ಪಿದ ಔಟ್‌ಲೈನ್ ಬದಲಾದರೆ ಅದು ಹೊಸ ಕೆಲಸ, ಗಂಟೆಗೆ 100."

ಇದರಲ್ಲಿ ಎರಡು ಸಾಲು ಬೇರೆಲ್ಲದಕ್ಕಿಂತ ಮುಖ್ಯ. ಒಂದು, ಔಟ್‌ಲೈನ್ ಒಪ್ಪಿಗೆ. ತಿದ್ದುಪಡಿಗೂ ಹೊಸದಾಗಿ ಬರೆಯೋದಕ್ಕೂ ನಡುವೆ ಗೆರೆ ಎಳೆಯೋದು ಇದೇ. "ಎರಡನೇ ಪ್ಯಾರಾ ಇನ್ನೂ ಸರಳ ಮಾಡಿ", "ಈ ಸೇವೆಯ ಹೆಸರು ತಪ್ಪಾಗಿದೆ" ಇವು ತಿದ್ದುಪಡಿ. "ಸಣ್ಣ ಗ್ರಾಹಕರಿಗೆ ಅಂತ ಬರೆದಿದ್ದೀರಿ, ನಾವು ದೊಡ್ಡ ಕಂಪನಿಗಳನ್ನು ಹಿಡಿಯೋಣ ಅಂತ ಯೋಚಿಸಿದ್ದೇವೆ" ಅಂದರೆ ಅದು ಹೊಸ ಕೆಲಸ. ಔಟ್‌ಲೈನ್‌ನಲ್ಲಿ "ಓದುಗರು ಯಾರು" ಅನ್ನೋದನ್ನು ಬರೆದು ಒಪ್ಪಿಸಿಕೊಂಡಿದ್ದರೆ ಈ ಮಾತು ಬಂದಾಗ ಜಗಳವೇ ಬೇಕಾಗಲ್ಲ, ಆ ಸಾಲು ತೋರಿಸಿದರೆ ಸಾಕು.

ಇನ್ನೊಂದು, ಅಭಿಪ್ರಾಯ ಒಬ್ಬರಿಂದಲೇ ಅನ್ನೋದು. ನಿಮ್ಮ ಜೊತೆ ಮಾತಾಡುವವರು ಬೇರೆ, ಕೊನೆಗೆ "ಆಯಿತು" ಅನ್ನುವವರು ಬೇರೆ ಇರುತ್ತಾರೆ. ಎರಡು ಸುತ್ತು ಮುಗಿದ ಮೇಲೆ ಆ ಎರಡನೆಯವರು ಮೊದಲ ಸಲ ಫೈಲ್ ತೆರೆದು "ನನಗೆ ಇದು ಇಷ್ಟವಾಗಲಿಲ್ಲ" ಅಂದರೆ 27 ಗಂಟೆ 40 ಆಗುತ್ತೆ. 3200ನ್ನು 40ರಿಂದ ಭಾಗಿಸಿ, ಗಂಟೆಗೆ 80ಕ್ಕೆ ಇಳಿದಿರಿ. ಆದ್ದರಿಂದ ಮೊದಲ ಮಾತುಕತೆಯಲ್ಲೇ "ಕೊನೆಯ ಒಪ್ಪಿಗೆ ಕೊಡೋರು ಯಾರು? ಔಟ್‌ಲೈನ್ ಅವರೂ ನೋಡುತ್ತಾರಾ?" ಅಂತ ಕೇಳಿ. "ಅವರು ಆಮೇಲೆ ನೋಡುತ್ತಾರೆ ಬಿಡಿ" ಅನ್ನುವ ಉತ್ತರ ಬಂದರೆ ದರ ಏರಿಸಿ. ಇಲ್ಲಾ ಮೂರನೇ ಸುತ್ತಿಗೆ ಇಷ್ಟು ಅಂತ ಬೇರೆ ಬರೆದಿಡಿ.

ದುಡ್ಡು ಬರುವ ದಿನದ ಬಗ್ಗೆಯೂ ಒಂದು ಮಾತು. "ವೆಬ್‌ಸೈಟ್ ಲೈವ್ ಆದ ಮೇಲೆ ಬಾಕಿ ಕೊಡುತ್ತೇವೆ" ಅನ್ನೋದಕ್ಕೆ ಒಪ್ಪಬೇಡಿ. ಡಿಸೈನರ್ ತಡ ಮಾಡಿದರೆ, ಫೋಟೋ ಸಿಗದಿದ್ದರೆ ಸೈಟ್ ತಿಂಗಳುಗಟ್ಟಲೆ ನಿಲ್ಲುತ್ತೆ, ನಿಮ್ಮ ಕೆಲಸ ಮುಗಿದಿದ್ದರೂ. ಅರ್ಧ ಮುಂಗಡ, ಉಳಿದರ್ಧ ಮೊದಲ ಡ್ರಾಫ್ಟ್ ಕೊಟ್ಟ ಇಷ್ಟು ದಿನದೊಳಗೆ ಅಂತ ಇರಲಿ. ಪದದ ದರದಲ್ಲಿ ತಿಂಗಳಿಗೊಮ್ಮೆ ಬಿಲ್ ಕಳಿಸಿ ಅಭ್ಯಾಸವಾದವರು ಈ ಮುಂಗಡ ಕೇಳೋದನ್ನೇ ಮರೆಯುತ್ತಾರೆ.

ಬ್ಲಾಗ್‌ನ ಪದದ ದರದಲ್ಲೂ ಒಂದು ತೂತು ಮುಚ್ಚಿಕೊಳ್ಳಿ: ಯಾವ ಪದ ಎಣಿಸೋದು? 1200 ಪದ ಕೇಳಿ, ನೀವು ಕೊಟ್ಟ ಮೇಲೆ ಅವರು 800ಕ್ಕೆ ಕತ್ತರಿಸಿ 800ಕ್ಕೇ ಬಿಲ್ ಹಾಕಿ ಅಂದರೆ ನಷ್ಟ ನಿಮಗೆ. "ಬ್ರೀಫ್‌ನಲ್ಲಿ ಕೇಳಿದ ಪದಸಂಖ್ಯೆಗೆ ಬಿಲ್" ಅಂತ ಒಂದು ಸಾಲು ಇಮೇಲ್‌ನಲ್ಲಿ ಇದ್ದರೆ ಸಾಕು. ಕನ್ನಡದಲ್ಲಿ ಬರೆಯುವವರಾದರೆ ಇನ್ನೂ ಒಂದು: ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಪದ ಕಮ್ಮಿ ಬೀಳುತ್ತೆ. ಇಂಗ್ಲಿಷಿನ ಪದದ ದರವನ್ನು ಹಾಗೇ ಎತ್ತಿಕೊಂಡರೆ ಸುಮ್ನೆ ಡಿಸ್ಕೌಂಟ್ ಕೊಟ್ಟ ಹಾಗೆ.

3200 ಕೇಳಿದ ಕೂಡಲೇ ಕ್ಲೈಂಟ್ ಅದನ್ನು 1750ರಿಂದ ಭಾಗಿಸಿ "ಪದಕ್ಕೆ ಎರಡರ ಹತ್ತಿರ ಆಯಿತಲ್ಲ, ಬ್ಲಾಗ್‌ಗೆ ಅರ್ಧ ತಾನೆ?" ಅನ್ನುತ್ತಾರೆ. ಖಂಡಿತ ಅನ್ನುತ್ತಾರೆ. ಆಗ ಪದದ ಚೌಕಾಸಿಗೆ ಇಳಿಯಬೇಡಿ. "ಬ್ಲಾಗ್‌ನಲ್ಲಿ ನಿಮ್ಮವರ ಜೊತೆ ಮಾತುಕತೆ ಇಲ್ಲ, ಪುಟದ ಔಟ್‌ಲೈನ್ ಇಲ್ಲ, ಎರಡು ಸುತ್ತು ತಿದ್ದುಪಡಿ ಇಲ್ಲ. ಇದರಲ್ಲಿ ಅವೆಲ್ಲ ಇವೆ" ಅಂತ ಹೇಳಿ. ಗಂಟೆಗಳ ಪಟ್ಟಿ ಕಳಿಸೋದು ಬೇಡ. ಕಳಿಸಿದರೆ ಒಂದೊಂದು ಸಾಲಿಗೂ "ಇದಕ್ಕೆ ಮೂರು ಗಂಟೆ ಯಾಕೆ" ಅಂತ ಶುರುವಾಗುತ್ತೆ. ಕೆಲಸಗಳ ಪಟ್ಟಿ ಮಾತ್ರ ಸಾಕು.

ಅವರ ಬಜೆಟ್ ನಿಜವಾಗಿಯೂ ಕಮ್ಮಿ ಇದ್ದರೆ ಮೊತ್ತ ಇಳಿಸುವ ಬದಲು ಕೆಲಸ ಇಳಿಸಿ. ಆದರೆ ಒಂದು ಸೇವೆಯ ಪುಟ ಬಿಟ್ಟರೆ ಐದರಲ್ಲಿ ಒಂದು ಪಾಲು, ಅಂದರೆ 640 ಕಳೆಯೋದು ತಪ್ಪು. ಮಾತುಕತೆ, ಓದು ಹಾಗೇ ಉಳಿಯುತ್ತೆ. ಆ ಪುಟದ ಡ್ರಾಫ್ಟ್, ತಿದ್ದುಪಡಿ ಸೇರಿ ಕಮ್ಮಿಯಾಗೋದು ಮೂರು ಗಂಟೆಯಷ್ಟೇ. ಹಾಗಾಗಿ 300 ಕಳೆದು 2900 ಹೇಳಿ. ಇಬ್ಬರ ಬದಲು ಒಬ್ಬರ ಜೊತೆ ಮಾತ್ರ ಮಾತುಕತೆ ಅಂದರೆ ಇನ್ನೆರಡು ಗಂಟೆ ಉಳಿದು 2700 ಆಗುತ್ತೆ. ಅದಕ್ಕೂ ಒಪ್ಪದೆ ಹಳೇ ರೇಟೇ ಬೇಕು ಅಂದರೆ ಈ ಐದು ಪುಟವನ್ನು ಬೇರೆಯವರ ಹತ್ತಿರ ಬರೆಸಿಕೊಳ್ಳಲಿ, ನೀವು ಬ್ಲಾಗ್ ಮುಂದುವರಿಸಿ.